ಒಂದು ಉದ್ದದ ವೀಡಿಯೋದಿಂದ ನಾಲ್ಕಾರು ತುಣುಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅತ್ತೆಯ ಅಡುಗೆ ಚಾನೆಲ್‌ನ ಶೂಟಿಂಗ್, ಎಡಿಟಿಂಗ್ ಎರಡನ್ನೂ ನಾನೇ ಮಾಡುತ್ತೇನೆ. ಅದೇ ವೀಡಿಯೋದಿಂದ ಶಾರ್ಟ್ಸ್, ರೀಲ್ಸ್, ವಾಟ್ಸಾಪ್ ತುಣುಕುಗಳನ್ನೂ ತೆಗೆಯುತ್ತೇನೆ. ಚಾನೆಲ್ ನಡೆಸುವ ಗೆಳತಿಯರು, ಪತ್ರ ಬರೆಯುವವರು, ಕಾಮೆಂಟ್ ಹಾಕುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಎಲ್ಲ ಕಡೆ ಒಂದೇ ವೀಡಿಯೋ ಹಿಡಿದಿದ್ದೇನೆ: ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ನಮ್ಮ ಮನೆಯಲ್ಲಿ ತೆಗೆದ, 21 ನಿಮಿಷದ ಹಲಸಿನ ಹಪ್ಪಳದ ವೀಡಿಯೋ.

## ಶುರು ಮಾಡುವವರಿಗೆ

ಒಂದೇ ವೀಡಿಯೋನ ಕತ್ತರಿಸಿ ಎಲ್ಲಾ ಕಡೆ ಹಾಕಿದ್ರೆ ಸಾಕಲ್ವಾ? ಅದಕ್ಕೆ ಬೇರೆ ಕೆಲಸ ಏನಿದೆ?

ಕತ್ತರಿಸಿದ್ದೆಲ್ಲ ತುಣುಕಾಗುವುದಿಲ್ಲ. ಉದ್ದದ ವೀಡಿಯೋ ನೋಡುವವರು ಹಪ್ಪಳ ಮಾಡಲೇಬೇಕು ಅಂತ ಬಂದಿರುತ್ತಾರೆ. ಕಾಯಿ ಆರಿಸುವುದರಿಂದ ಹಿಡಿದು ಡಬ್ಬಿ ತುಂಬುವವರೆಗೆ ಕೂತು ನೋಡುತ್ತಾರೆ. ರೀಲ್ಸ್ ನೋಡುವವರಿಗೆ ಹಪ್ಪಳದ ಯೋಚನೆಯೇ ಇರುವುದಿಲ್ಲ. ಹಿಂದಿನ ರೀಲ್ ಯಾರದೋ ಮದುವೆಯದ್ದು, ಮುಂದಿನದು ನಾಯಿಮರಿಯದ್ದು. ನಡುವೆ ನಿಮ್ಮ ತುಣುಕು ಬಂದಾಗ, ಅದರೊಳಗೇ ಒಂದು ಪೂರ್ತಿ ವಿಷಯ ಇರಬೇಕು.

ನಾನು ಮೊದಮೊದಲು ಮಾಡುತ್ತಿದ್ದ ತಪ್ಪು ಇದೇ. ಶಾರ್ಟ್ಸ್ ಅಂದರೆ ಟ್ರೇಲರ್ ಅಂದುಕೊಂಡಿದ್ದೆ. ಚಂದದ ನಾಲ್ಕು ಶಾಟ್ ಜೋಡಿಸಿ, ಕೊನೆಗೆ "ಪೂರ್ತಿ ವೀಡಿಯೋ ಚಾನೆಲ್‌ನಲ್ಲಿದೆ" ಅಂತ ಬರೆಯುತ್ತಿದ್ದೆ. ಅದನ್ನು ನೋಡಿದವರಿಗೆ ಏನೂ ಸಿಗುತ್ತಿರಲಿಲ್ಲ, ಹಾಗಾಗಿ ಪೂರ್ತಿ ವೀಡಿಯೋಕ್ಕೂ ಬರುತ್ತಿರಲಿಲ್ಲ. ಈಗ ಒಂದು ತುಣುಕಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. "ಹಲಸಿನ ಸೊಳೆ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತದೆ?" ಅನ್ನುವುದು ಒಂದು ತುಣುಕು. ಉತ್ತರ ಅದರಲ್ಲೇ ಪೂರ್ತಿ ಇರುತ್ತದೆ. ಉಳಿದದ್ದು ಬೇಕಾದವರು ಕೇಳದೆಯೂ ಹುಡುಕಿಕೊಂಡು ಬರುತ್ತಾರೆ.

ಒಂದು ವೀಡಿಯೋದಿಂದ ಎಷ್ಟು ತುಣುಕು ತೆಗೀಬಹುದು? ಕೆಲವರು ಇಪ್ಪತ್ತು ಅಂತಾರೆ.

ಇಪ್ಪತ್ತು ತೆಗೆಯಬಹುದು, ಆದರೆ ಹದಿನೈದು ಯಾರಿಗೂ ಬೇಡದವು ಆಗಿರುತ್ತವೆ. ನನ್ನ ಲೆಕ್ಕದಲ್ಲಿ 20 ನಿಮಿಷದ ಅಡುಗೆ ವೀಡಿಯೋದಲ್ಲಿ ಗಟ್ಟಿ ತುಣುಕು ಮೂರು, ಹೆಚ್ಚೆಂದರೆ ನಾಲ್ಕು. ಹಪ್ಪಳದ ವೀಡಿಯೋದಿಂದ ಬಂದದ್ದು ಇಷ್ಟು: ಬೆಂದ ಹದ ನೋಡುವ 36 ಸೆಕೆಂಡಿನ ತುಣುಕು, ಉಂಡೆ ಒತ್ತುವ 52 ಸೆಕೆಂಡಿನ ತುಣುಕು, ಒಣಗಿದ್ದು ತಿಳಿಯುವ 30 ಸೆಕೆಂಡಿನ ತುಣುಕು, ಇನ್‌ಸ್ಟಾಗ್ರಾಂಗೆ ಎಂಟು ಚಿತ್ರಗಳ ಒಂದು ಪೋಸ್ಟ್, ವಾಟ್ಸಾಪ್‌ಗೆ ಅಳತೆ ಬರೆದ ಒಂದು ಮೆಸೇಜ್.

ಉದ್ದದ ವೀಡಿಯೋ ಎಡಿಟ್‌ಗೆ ಎರಡು ಸಂಜೆ ಹಿಡಿಯಿತು. ಉಳಿದ ಐದಕ್ಕೂ ಸೇರಿ ಸುಮಾರು ಮೂರು ಗಂಟೆ. ಮುಂಚೆ ಒಂದೊಂದನ್ನೂ ಹೊಸದಾಗಿ ಎಡಿಟ್ ಮಾಡುತ್ತಿದ್ದಾಗ ಪೂರ್ತಿ ಒಂದು ಭಾನುವಾರ ಹೋಗುತ್ತಿತ್ತು.

ಯಾವ ಭಾಗ ತೆಗೀಬೇಕು ಅಂತ ಹೇಗೆ ಗೊತ್ತಾಗತ್ತೆ? ಪೂರ್ತಿ ಮತ್ತೆ ನೋಡಬೇಕಾ?

ಎಡಿಟ್ ಮಾಡುವಾಗ ಹೇಗೂ ಪೂರ್ತಿ ನೋಡುತ್ತೀರಿ. ಆಗಲೇ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸಮಯ, ಏನಾಗುತ್ತಿದೆ, ಒಂಟಿಯಾಗಿ ನಿಲ್ಲುತ್ತದಾ, ಅಂತ ಮೂರೇ ಕಾಲಂ ಸಾಕು. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "7:42 ರಿಂದ 8:30. ಅತ್ತೆ ಬಿಸಿ ಸೊಳೆ ಬೆರಳಲ್ಲಿ ಹಿಚುಕುತ್ತಾರೆ. ನಿಲ್ಲುತ್ತದೆ."

ನಿಲ್ಲುತ್ತದಾ ಇಲ್ಲವಾ ಅಂತ ತಿಳಿಯಲು ಆ ಭಾಗದ ಮೊದಲ ವಾಕ್ಯವನ್ನು ಒಂದು ಹಾಳೆಯಲ್ಲಿ ಬರೆದು, ವಿಷಯ ಗೊತ್ತಿಲ್ಲದವರ ಕೈಗೆ ಕೊಡಿ. "ಆಮೇಲೆ", "ಅದನ್ನ", "ಆಗಲೇ ಹೇಳಿದ ಹಾಗೆ" ಅಂತ ಶುರುವಾದರೆ ಅದು ಹಿಂದಿನ ಮಾತಿಗೆ ಕಟ್ಟಿಕೊಂಡಿದೆ ಅಂತ ಅರ್ಥ. ಕತ್ತರಿಸಿದರೆ ಒದ್ದಾಡುತ್ತದೆ. ಅತ್ತೆ ಕಾಯಿ ಆರಿಸುವ ಭಾಗ ಇಡೀ ವೀಡಿಯೋದಲ್ಲೇ ಎಲ್ಲಕ್ಕಿಂತ ಚೆನ್ನಾಗಿರುವುದು. ಆದರೆ ಪ್ರತಿ ಎರಡನೇ ವಾಕ್ಯದಲ್ಲೂ "ಈ ಕಾಯಿಗಿಂತ ಆ ಕಾಯಿ" ಅಂತ ಬರುತ್ತದೆ. ಅದನ್ನು ಮುಟ್ಟಲಿಲ್ಲ.

ಅಕ್ಕಾ, ಒಂದೇ ವಿಷಯ ಎಲ್ಲಾ ಕಡೆ ನೋಡಿದ್ರೆ ಜನಕ್ಕೆ ಬೇಜಾರಾಗಲ್ವಾ?

ನಿಮ್ಮನ್ನು ಎಲ್ಲ ಕಡೆ ಹಿಂಬಾಲಿಸುವವರು ತುಂಬಾ ಕಡಿಮೆ. ನಮ್ಮ ವಾಟ್ಸಾಪ್ ಬಳಗದಲ್ಲಿರುವ ಹೆಚ್ಚಿನ ಅಮ್ಮಂದಿರಿಗೆ ಇನ್‌ಸ್ಟಾಗ್ರಾಂ ಇಲ್ಲ. ಬೇಜಾರಾಗುವುದು ಒಂದೇ ಜಾಗದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಾಗ. ಹಾಗಾಗಿ ಮೂರು ಶಾರ್ಟ್ಸ್ ಹಾಕುವುದಾದರೆ ಮೂರಕ್ಕೂ ಬೇರೆ ಬೇರೆ ಪ್ರಶ್ನೆ ಇರಲಿ, ನಡುವೆ ಮೂರು ನಾಲ್ಕು ದಿನ ಬಿಡಿ.

## ಶೂಟಿಂಗ್ ಮತ್ತು ಎಡಿಟಿಂಗ್

ಅಡ್ಡ ತೆಗೆದ ವೀಡಿಯೋನ ರೀಲ್ಸ್‌ಗೆ ನಿಂತ ರೂಪಕ್ಕೆ ಕತ್ತರಿಸಿದ್ರೆ ಮಸುಕಾಗತ್ತೆ, ಕೈ ಕಟ್ ಆಗತ್ತೆ. ಎರಡು ಸಲ ಶೂಟ್ ಮಾಡ್ಬೇಕಾ?

ಬೇಡ. ಇದಕ್ಕೆ ಶೂಟಿಂಗ್‌ಗೆ ಮುಂಚೆ ಎರಡು ಸೆಟ್ಟಿಂಗ್ ಸರಿ ಮಾಡಿಕೊಂಡರೆ ಸಾಕು.

ಮಸುಕಾಗುವುದು ಯಾಕೆ ನೋಡೋಣ. ಸಾಮಾನ್ಯ ಫುಲ್ ಎಚ್‌ಡಿ ವೀಡಿಯೋ 1920 ಅಗಲ, 1080 ಎತ್ತರ. ಅದರಿಂದ 9:16 ಅಳತೆಯ ನಿಂತ ತುಂಡು ತೆಗೆದರೆ ಅಗಲ 607 ಪಿಕ್ಸೆಲ್ ಮಾತ್ರ ಸಿಗುತ್ತದೆ. ರೀಲ್ಸ್, ಶಾರ್ಟ್ಸ್‌ಗೆ 1080 ಅಗಲ, 1920 ಎತ್ತರ ಬೇಕು. 607 ಅನ್ನು 1080ಕ್ಕೆ ಎಳೆದರೆ ಮಸುಕಾಗದೆ ಇನ್ನೇನು? ಅದೇ 4ಕೆ ಯಲ್ಲಿ ತೆಗೆದರೆ ಎತ್ತರ 2160, ನಿಂತ ತುಂಡಿನ ಅಗಲ 1215. ಅದನ್ನು 1080ಕ್ಕೆ ಇಳಿಸುವುದರಿಂದ ಚಿತ್ರ ಚೊಕ್ಕವಾಗೇ ಉಳಿಯುತ್ತದೆ. ಉದ್ದದ ವೀಡಿಯೋ ಫುಲ್ ಎಚ್‌ಡಿಯಲ್ಲೇ ಹಾಕಿದರೂ ಪರವಾಗಿಲ್ಲ, ಶೂಟಿಂಗ್ ಮಾತ್ರ 4ಕೆ ಇರಲಿ. ಫೋನಿನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ, ಅದಕ್ಕೆ ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ.

ಇನ್ನು ಕೈ ಕಟ್ ಆಗುವ ವಿಷಯ. ನಿಂತ ತುಂಡಿಗೆ ಅಡ್ಡ ಚಿತ್ರದ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ ಅಗಲ ಸಿಗುತ್ತದೆ. ಫೋನಿನ ಕ್ಯಾಮೆರಾದಲ್ಲಿ ಗ್ರಿಡ್ ಆನ್ ಮಾಡಿದರೆ ಪರದೆ ಮೇಲೆ ಎರಡು ನಿಂತ ಗೆರೆ ಬರುತ್ತವೆ ಅಲ್ವಾ? ಆ ನಡುವಿನ ಕಂಬವೇ ಹೆಚ್ಚುಕಡಿಮೆ ನಿಮ್ಮ ರೀಲ್. ಪೂರ್ತಿ ವೀಡಿಯೋವನ್ನು ಆ ಕಂಬದೊಳಗೆ ತೆಗೆಯುವ ಅಗತ್ಯವಿಲ್ಲ. ತುಣುಕಾಗಲಿದೆ ಅಂತ ಗೊತ್ತಿರುವ ಶಾಟ್‌ಗಳಲ್ಲಿ ಮಾತ್ರ ಕೈ, ಪಾತ್ರೆ ಎರಡೂ ಆ ಗೆರೆಗಳ ಒಳಗೆ ಬರುವಂತೆ ನೋಡಿ. ಉಂಡೆ ಒತ್ತುವಾಗ ಅತ್ತೆ ಮಣೆಯನ್ನು ಎಡಕ್ಕೆ ಇಟ್ಟುಕೊಂಡಿದ್ದರು. "ಅತ್ತೆ, ಮಣೆ ಚೂರು ನಡುವೆ ತನ್ನಿ" ಅಂದೆ, ಅಷ್ಟೇ. ಆ ಒಂದು ಮಾತಿನಿಂದ ಒಂದು ರೀಲ್ ಉಳಿಯಿತು.

ಪ್ರತಿ ಸಲ ಮೊದಲಿಂದ ಎಡಿಟ್ ಮಾಡೋದು ತಪ್ಪಿಸೋಕೆ ಏನು ಮಾಡ್ಬೇಕು?

ಒಂದು ಶುದ್ಧ ಪ್ರತಿ ಇಟ್ಟುಕೊಳ್ಳಬೇಕು. ಅದರಲ್ಲಿ ಬಣ್ಣ ಸರಿ ಮಾಡಿರಬೇಕು, ಮಾತಿನ ಸದ್ದು ಒಂದೇ ಮಟ್ಟಕ್ಕೆ ತಂದಿರಬೇಕು, ಅನಗತ್ಯ ಮಾತು ತೆಗೆದಿರಬೇಕು. ಆದರೆ ಸಂಗೀತ, ಪರದೆ ಮೇಲಿನ ಅಕ್ಷರ, ಲೋಗೋ, ಸಬ್ಸ್‌ಕ್ರೈಬ್ ಗಂಟೆ ಯಾವುದೂ ಇರಬಾರದು. ಅವೆಲ್ಲ ಆಮೇಲೆ, ಯಾವ ಜಾಗಕ್ಕೆ ಹೋಗುತ್ತದೋ ಅದಕ್ಕೆ ತಕ್ಕ ಹಾಗೆ ಸೇರಿಸುವಂಥವು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮಾವಿನಕಾಯಿ ಉಪ್ಪಿನಕಾಯಿಯ ವೀಡಿಯೋಕ್ಕೆ ಹಿನ್ನೆಲೆ ಸಂಗೀತ ಹಾಕಿ, ಕೆಳಗೆ ಅಕ್ಷರ ಬರೆದು, ಅದನ್ನೇ ಸೇವ್ ಮಾಡಿ, ಮೂಲ ಫೈಲುಗಳನ್ನು ಅಳಿಸಿಬಿಟ್ಟಿದ್ದೆ. ಆಮೇಲೆ ತುಣುಕು ಮಾಡಲು ಕೂತರೆ ಸಂಗೀತ ನಡುವೆ ತಟ್ಟನೆ ನಿಲ್ಲುತ್ತದೆ, ಕೆಳಗಿನ ಅಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಆಗ ಆ ವೀಡಿಯೋದಿಂದ ಒಂದೂ ತುಣುಕು ತೆಗೆಯಲಾಗಲಿಲ್ಲ.

ಕಂಪ್ಯೂಟರ್‌ನಲ್ಲಿ ಡಾವಿಂಚಿ ರಿಸಾಲ್ವ್ ಬಳಸುವವರಿಗೆ ದಾರಿ ಸುಲಭ. ಶುದ್ಧ ಟೈಮ್‌ಲೈನ್ ಮೇಲೆ ರೈಟ್ ಕ್ಲಿಕ್ ಮಾಡಿ Duplicate Timeline ಕೊಡಿ. ನಕಲಿನ ಸೆಟ್ಟಿಂಗ್‌ಗೆ ಹೋಗಿ Use Project Settings ಟಿಕ್ ತೆಗೆದು, ಅಳತೆ 1080 x 1920 ಮಾಡಿ. ಬಣ್ಣ, ಸದ್ದು ಎಲ್ಲ ಹಾಗೇ ಬರುತ್ತದೆ. ಬೇಕಾದ ಭಾಗ ಉಳಿಸಿ ಮಿಕ್ಕಿದ್ದು ಅಳಿಸಿ. ಫೋನಿನಲ್ಲಿ ಎಡಿಟ್ ಮಾಡುವವರೂ ಇದನ್ನೇ ಮಾಡಬಹುದು: ಪ್ರಾಜೆಕ್ಟ್ ನಕಲು ಮಾಡಿ, ಅನುಪಾತ 9:16 ಮಾಡಿ, ಆಮೇಲೆ ಕತ್ತರಿಸಿ.

ಎಡಿಟರ್ ತೆರೆಯದೆ ಬೇಗ ತುಂಡು ತೆಗೆಯೋ ದಾರಿ ಇದೆಯಾ?

ಕಮಾಂಡ್ ಟೈಪ್ ಮಾಡಲು ಹೆದರದವರಿಗೆ ಎಫ್ಎಫ್ಎಂಪೆಗ್ ಇದೆ, ಉಚಿತ. ಶುದ್ಧ ಪ್ರತಿಯಿಂದ 7:42ಕ್ಕೆ ಶುರುವಾಗುವ 48 ಸೆಕೆಂಡನ್ನು ನಡುವಿನಿಂದ ನಿಂತ ತುಂಡಾಗಿ ತೆಗೆಯುವುದು ಹೀಗೆ:

```
ffmpeg -ss 00:07:42 -i happala.mp4 -t 48 \
  -vf "crop=ih*9/16:ih,scale=1080:1920" \
  -c:v libx264 -crf 18 -c:a aac hada.mp4
```

ಬೇಗ ಆಗುತ್ತದೆ ಅಂತ ಕೆಲವರು `-c copy` ಬಳಸುತ್ತಾರೆ. ಅದು ಚಿತ್ರವನ್ನು ಹೊಸದಾಗಿ ಮಾಡುವುದಿಲ್ಲ, ಇದ್ದದ್ದನ್ನೇ ಎತ್ತಿಡುತ್ತದೆ. ಹಾಗಾಗಿ ಅಳತೆ ಬದಲಿಸಲು ಆಗುವುದಿಲ್ಲ. ಕತ್ತರಿ ಕೂಡ ನೀವು ಹೇಳಿದ ಸೆಕೆಂಡಿಗೆ ಬೀಳದೆ ಅದಕ್ಕೆ ಹಿಂದಿನ ಕೀಫ್ರೇಮ್‌ಗೆ, ಅಂದರೆ ಚಿತ್ರ ಪೂರ್ತಿಯಾಗಿ ಉಳಿಸಿಟ್ಟ ಫ್ರೇಮ್‌ಗೆ ಬೀಳುತ್ತದೆ. ತುಣುಕಿನ ಮೊದಲಿಗೆ ಹಿಂದಿನ ಮಾತಿನ ಬಾಲ ಕೇಳಿಸಿದರೆ, ಚಿತ್ರ ಒಂದು ಕ್ಷಣ ನಿಂತ ಹಾಗೆ ಕಂಡರೆ, ಕಾರಣ ಇದೇ.

ತುಣುಕಿನಲ್ಲಿ ಮಾತು ಅರ್ಧಕ್ಕೆ ನಿಂತ ಹಾಗೆ ಅನ್ನಿಸತ್ತೆ. ಎಲ್ಲಿ ಕತ್ತರಿಸ್ಬೇಕು?

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, "ಇಲ್ಲ", "ಬಾರದು" ಅನ್ನುವುದು ಅದಕ್ಕೂ ಕೊನೆಗೆ. ಅರ್ಧ ಸೆಕೆಂಡ್ ಮೊದಲೇ ಕತ್ತರಿಸಿದರೆ ಅರ್ಥವೇ ತಿರುಗಿಬಿಡಬಹುದು. ಅತ್ತೆ ಹೇಳಿದ್ದು: "ಆರಿದ ಮೇಲೆ ಗುದ್ದಿದ್ರೆ ಹಿಟ್ಟು ನುಣ್ಣಗೆ ಆಗೋದಿಲ್ಲ." ಹಳ್ಳಿಮನೆ ಮಾತು, ಕೊನೆಯ "ಇಲ್ಲ" ಉಸಿರಿನಲ್ಲಿ ತೇಲಿಹೋಗುತ್ತದೆ. ಮೊದಲ ಕರಡಿನಲ್ಲಿ ಅದು ಕತ್ತರಿಗೆ ಸಿಕ್ಕಿ, ಆರಿದ ಮೇಲೆಯೇ ಗುದ್ದಬೇಕು ಅನ್ನುವ ಹಾಗೆ ಕೇಳಿಸುತ್ತಿತ್ತು. ಅಡುಗೆಯಲ್ಲಿ ಇದು ಚಿಕ್ಕ ತಪ್ಪಲ್ಲ. ಬೆಂದ ಸೊಳೆ ಬಿಸಿ ಇರುವಾಗಲೇ ಗುದ್ದಬೇಕು.

ಹಾಗಾಗಿ ವಾಕ್ಯ ಮುಗಿದ ಮೇಲೆ ಕಾಲು ಸೆಕೆಂಡಾದರೂ ಬಿಟ್ಟು ಕತ್ತರಿಸಿ. ಕಣ್ಣು ಮುಚ್ಚಿ ಒಮ್ಮೆ ಕೇಳಿ. ಚಿತ್ರ ನೋಡುತ್ತಾ ಕೇಳಿದರೆ ತಪ್ಪು ಕಿವಿಗೆ ಬೀಳುವುದಿಲ್ಲ.

ಇನ್ನೊಂದು ವಿಷಯ ಕ್ರಮದ್ದು. ಉದ್ದದ ವೀಡಿಯೋದಲ್ಲಿ ಅತ್ತೆ ಮೊದಲು ಎಷ್ಟು ಹೊತ್ತು ಬೇಯಿಸಿದೆವು ಅಂತ ಹೇಳಿ, ಪಾತ್ರೆ ಇಳಿಸಿ, ಕೊನೆಗೆ "ಹಿಚುಕಿದ್ರೆ ನಾರು ಕೈಗೆ ಸಿಗಬಾರದು" ಅನ್ನುತ್ತಾರೆ. ತುಣುಕಿನಲ್ಲಿ ಆ ಕೊನೆಯ ಮಾತನ್ನೇ ಮೊದಲಿಗೆ ತಂದೆ. ಆಮೇಲೆ ಕಡಿಮೆ ಬೆಂದದ್ದು, ಸರಿ ಬೆಂದದ್ದು ಎರಡನ್ನೂ ಹಿಚುಕಿ ತೋರಿಸುವ ಭಾಗ. ಪಾತ್ರೆ ಇಳಿಸುವ 12 ಸೆಕೆಂಡ್ ತೆಗೆದೆ. 48 ಸೆಕೆಂಡಿನ ಭಾಗ 36ಕ್ಕೆ ಇಳಿದದ್ದು ಹೀಗೆ.

ಕನ್ನಡ ಅಕ್ಷರ ಹಾಕಿದ್ರೆ ಒತ್ತಕ್ಷರ ಒಡೆದುಹೋಗತ್ತೆ. ಏನು ಮಾಡೋದು?

"ಹಪ್ಪಳ" ಅಂತ ಬರೆದರೆ ಪರದೆ ಮೇಲೆ "ಹಪ್‌ಪಳ" ಅಂತ ಬರುವುದು ನನಗೂ ಆಗಿದೆ. ಫಾಂಟ್ ತಪ್ಪಲ್ಲ. ಅಕ್ಷರಗಳನ್ನು ಜೋಡಿಸುವ ಕೆಲಸ ಆ ಎಡಿಟರ್‌ಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ಆಫ್ ಆಗಿರುತ್ತದೆ. ಪ್ರೀಮಿಯರ್ ಪ್ರೊದಲ್ಲಿ Preferences ಒಳಗೆ Graphics ಗೆ ಹೋಗಿ South Asian and Middle Eastern ಆರಿಸಿದರೆ ಸರಿಯಾಗುತ್ತದೆ. ಬೇರೆ ಯಾವ ಎಡಿಟರ್ ಆದರೂ ಕೆಲಸ ಶುರು ಮಾಡುವ ಮುಂಚೆ "ಹಪ್ಪಳ, ಉಪ್ಪು, ಕೊತ್ತಂಬರಿ, ಅಕ್ಕಿ" ಅಂತ ಬರೆದು ನೋಡಿ. ನಾಲ್ಕೂ ಸರಿ ಬಂದರೆ ಮುಂದುವರಿಯಿರಿ.

ಎಡಿಟರ್‌ನಲ್ಲಿ ಆಗದಿದ್ದರೆ, ಮಾತು ಮತ್ತು ಅದರ ಸಮಯ ಬರೆದ ಎಸ್ಆರ್‌ಟಿ ಫೈಲ್ ಕೊಟ್ಟು ಎಫ್ಎಫ್ಎಂಪೆಗ್‌ನಿಂದ ಅಕ್ಷರ ಕೂರಿಸಬಹುದು. ಅದು ಒತ್ತಕ್ಷರ ಸರಿಯಾಗಿ ಜೋಡಿಸುತ್ತದೆ:

```
ffmpeg -i hada.mp4 -vf "subtitles=hada.srt:force_style=\
'FontName=Noto Sans Kannada,FontSize=10,MarginV=100'" \
  -c:a copy hada_akshara.mp4
```

ಇಲ್ಲಿ MarginV ಅಂದರೆ ಅಕ್ಷರ ಕೆಳಗಿನಿಂದ ಎಷ್ಟು ಮೇಲಿರಬೇಕು ಅಂತ. ಪರದೆಯ ಎತ್ತರವನ್ನು 288 ಅಂತ ಲೆಕ್ಕ ಹಿಡಿಯುತ್ತದೆ, ಹಾಗಾಗಿ 100 ಅಂದರೆ ಮೂರನೇ ಒಂದು ಭಾಗಕ್ಕಿಂತ ಚೂರು ಮೇಲೆ. ಅಷ್ಟು ಮೇಲೆ ಯಾಕೆ ಅಂದರೆ, ರೀಲ್ಸ್‌ನಲ್ಲಿ ಕೆಳಗಿನ ಮೂರನೇ ಒಂದು ಭಾಗದ ಮೇಲೆ ಹೆಸರು, ಶೀರ್ಷಿಕೆ, ಬಟನ್‌ಗಳು ಕೂತಿರುತ್ತವೆ. ಅಡ್ಡ ವೀಡಿಯೋಕ್ಕೆ ಹಾಕಿದ ಹಾಗೆ ತೀರಾ ಕೆಳಗೆ ಹಾಕಿದರೆ ಅಳತೆ ಓದಲಿಕ್ಕೇ ಆಗುವುದಿಲ್ಲ.

ಉದ್ದದ ವೀಡಿಯೋಕ್ಕೆ ಅಕ್ಷರವನ್ನು ಚಿತ್ರದೊಳಗೆ ಕೂರಿಸಬೇಡಿ. ಎಸ್ಆರ್‌ಟಿ ಫೈಲನ್ನು ಯೂಟ್ಯೂಬ್‌ಗೆ ಬೇರೆಯಾಗಿ ಕೊಡಿ. ಬೇಕಾದವರು ಆನ್ ಮಾಡಿಕೊಳ್ಳುತ್ತಾರೆ, ತಪ್ಪಿದ್ದರೆ ಯಾವಾಗ ಬೇಕಾದರೂ ತಿದ್ದಬಹುದು. ಆ ಒಂದು ಫೈಲನ್ನು ಬರೆದರೆ ತುಣುಕುಗಳ ಅಕ್ಷರ, ಇನ್‌ಸ್ಟಾಗ್ರಾಂ ಚಿತ್ರಗಳ ಮಾತು, ವಾಟ್ಸಾಪ್ ಮೆಸೇಜ್ ಎಲ್ಲಕ್ಕೂ ಅಲ್ಲಿಂದಲೇ ಎತ್ತಿಕೊಳ್ಳಬಹುದು.

## ಒಂದೊಂದು ಜಾಗಕ್ಕೆ ಒಂದೊಂದು ರೂಪ

ಯೂಟ್ಯೂಬ್ ಉದ್ದದ ವೀಡಿಯೋಗೆ ಅಧ್ಯಾಯ ಹಾಕೋದು ಹೇಗೆ? ನಾನು ಹಾಕಿದ್ರೂ ಕಾಣಿಸ್ತಿಲ್ಲ.

ವಿವರಣೆಯಲ್ಲಿ ಸಮಯ ಬರೆದರೆ ಅಧ್ಯಾಯ ತಾನಾಗೇ ಬರುತ್ತದೆ. ಮೊದಲನೆಯದು 0:00 ಇರಲೇಬೇಕು, ಕಡಿಮೆ ಅಂದರೆ ಮೂರು ಇರಬೇಕು, ಸಮಯ ಏರುತ್ತಾ ಹೋಗಬೇಕು, ಪ್ರತಿಯೊಂದೂ 10 ಸೆಕೆಂಡಾದರೂ ಇರಬೇಕು. ಕಾಣಿಸದವರಲ್ಲಿ ಹೆಚ್ಚಿನವರು 0:00 ಬಿಟ್ಟಿರುತ್ತಾರೆ. ನಮ್ಮದು ಹೀಗಿದೆ:

```
0:00 ಕರಿದ ಹಪ್ಪಳ
0:45 ಯಾವ ಕಾಯಿ ಬೇಕು
3:10 ಸೊಳೆ ಬಿಡಿಸುವುದು
6:30 ಬೇಯಿಸುವುದು, ಹದ ನೋಡುವುದು
9:20 ಗುದ್ದುವುದು, ಉಪ್ಪು ಖಾರ
12:00 ಉಂಡೆ ಮಾಡಿ ಒತ್ತುವುದು
15:40 ಬಿಸಿಲಿಗೆ ಹಾಕುವುದು
18:30 ಕರಿದು ನೋಡಿ ಡಬ್ಬಿಗೆ
```

ಈ ಪಟ್ಟಿಯನ್ನು ನಾನು ಶೂಟಿಂಗ್‌ಗೆ ಮುಂಚೆಯೇ ಸಮಯವಿಲ್ಲದೆ ಬರೆದುಕೊಂಡಿದ್ದೆ. ಆ ಎಂಟು ಸಾಲೇ ಆಮೇಲೆ ಇನ್‌ಸ್ಟಾಗ್ರಾಂನ ಎಂಟು ಚಿತ್ರಗಳಾದವು.

ಶಾರ್ಟ್ಸ್ ಎಷ್ಟು ಉದ್ದ ಇರ್ಬೇಕು? ಅಲ್ಲಿಂದ ದೊಡ್ಡ ವೀಡಿಯೋಗೆ ಲಿಂಕ್ ಕೊಟ್ರೆ ಒತ್ತೋಕೆ ಆಗ್ತಿಲ್ಲ.

2024ರ ಅಕ್ಟೋಬರ್ 15ರಿಂದ ಮೂರು ನಿಮಿಷದವರೆಗಿನ ನಿಂತ ಅಥವಾ ಚೌಕ ವೀಡಿಯೋ ಶಾರ್ಟ್ಸ್ ಆಗಿ ಹೋಗುತ್ತದೆ. ಜಾಗ ಇದೆ ಅಂತ ತುಂಬಿಸಬೇಡಿ. ಒಂದು ಪ್ರಶ್ನೆಗೆ ಉತ್ತರ ಮುಗಿದರೆ ಅಲ್ಲಿಗೆ ನಿಲ್ಲಿಸಿ.

ಶಾರ್ಟ್ಸ್‌ನ ವಿವರಣೆ, ಕಾಮೆಂಟ್‌ಗಳಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಕೆಲಸ ಮಾಡುವುದಿಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ಶಾರ್ಟ್ ತೆರೆದು Related video ಅನ್ನುವಲ್ಲಿ ಉದ್ದದ ವೀಡಿಯೋ ಆರಿಸಿ. ನೋಡುವವರಿಗೆ ಅದು ಒತ್ತುವಂತೆ ಕಾಣಿಸುತ್ತದೆ. ಇದಕ್ಕಾಗಿಯೇ ಉದ್ದದ ವೀಡಿಯೋ ಮೊದಲು ಹಾಕಿ, ಶಾರ್ಟ್ಸ್ ಆಮೇಲೆ ಬಿಡಿ.

ಶಾರ್ಟ್ಸ್ ನೋಡಿದ ಸಮಯ 4,000 ಗಂಟೆಗೆ ಸೇರತ್ತಾ?

ಜಾಹೀರಾತಿನ ಹಣ ಬರಲು ಯೂಟ್ಯೂಬ್ ಕೇಳುವ ಆ 4,000 ಗಂಟೆಗೆ ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ್ದು ಸೇರುವುದಿಲ್ಲ. 4,000 ಗಂಟೆ ಬೇಕಾದವರಿಗೆ ಉದ್ದದ ವೀಡಿಯೋವೇ ಆಧಾರ. ಶಾರ್ಟ್ಸ್‌ಗೆ ಬೇರೆ ದಾರಿ ಇದೆ, 90 ದಿನದಲ್ಲಿ ಒಂದು ಕೋಟಿ ನೋಟ. ಮನೆ ಅಡುಗೆಯ ಚಾನೆಲ್‌ಗೆ ಅದನ್ನು ನಂಬಿ ಕೂರುವುದು ಬೇಡ ಅಂತ ನನ್ನ ಅಭಿಪ್ರಾಯ.

ರೀಲ್ಸ್‌ಗೂ ಅದೇ ಫೈಲ್ ಹಾಕಬಹುದಾ? ಶಾರ್ಟ್ಸ್‌ನಿಂದ ಡೌನ್‌ಲೋಡ್ ಮಾಡಿ ಹಾಕ್ತೀನಿ.

ಫೈಲ್ ಅದೇ ಇರಲಿ, ಆದರೆ ಬೇರೆ ಆಪ್‌ನಿಂದ ಇಳಿಸಿಕೊಂಡದ್ದು ಬೇಡ. ಬೇರೆ ಆಪ್‌ನ ಗುರುತು ಕಾಣುವ ರೀಲ್ಸ್ ಅನ್ನು ಹೊಸಬರಿಗೆ ಕಡಿಮೆ ತೋರಿಸುತ್ತೇವೆ ಅಂತ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ನಿಮ್ಮ ಕಂಪ್ಯೂಟರ್‌ನಲ್ಲಿರುವ, ಗುರುತಿಲ್ಲದ ಫೈಲನ್ನೇ ಎರಡೂ ಕಡೆ ಹಾಕಿ. ಎರಡು ಬೇರೆ ಕಂಪನಿಯ ಜಾಗಗಳಲ್ಲಿ ನಿಮ್ಮದೇ ವೀಡಿಯೋ ಇರುವುದು ತಪ್ಪಲ್ಲ.

ಒಂದು ಬದಲಾವಣೆ ಮಾತ್ರ ಮಾಡಿ. ರೀಲ್ಸ್‌ನ ಕವರ್ ಚಿತ್ರವನ್ನು ನೀವೇ ಆರಿಸಿ, ಅದರ ಮೇಲಿನ ಅಕ್ಷರ ನಡುವೆ ಇರಲಿ. ಪ್ರೊಫೈಲ್ ಪುಟದಲ್ಲಿ ಕವರ್‌ನ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಫೇಸ್‌ಬುಕ್‌ಗೆ ಬೇರೆ ಕೆಲಸವೇ ಬೇಡ. ಇನ್‌ಸ್ಟಾಗ್ರಾಂನಲ್ಲಿ ಹಾಕುವಾಗ ಅಲ್ಲಿಗೂ ಹಂಚಲು ಆಯ್ಕೆ ಇದೆ.

ಇನ್‌ಸ್ಟಾಗ್ರಾಂ ಚಿತ್ರಗಳ ಪೋಸ್ಟ್‌ಗೆ ಮತ್ತೆ ಫೋಟೋ ತೆಗೀಬೇಕಾ?

ಬೇಡ. 4ಕೆ ವೀಡಿಯೋದ ಒಂದು ಫ್ರೇಮ್ ಅಂದರೆ ಸುಮಾರು 80 ಲಕ್ಷ ಪಿಕ್ಸೆಲ್, ಫೋಟೋ ಹಾಗೇ ಇರುತ್ತದೆ. ಕೈ ಓಡಾಡದ ಕ್ಷಣ ಆರಿಸಿ, ಇಲ್ಲವಾದರೆ ಬೆರಳು ಮಸುಕಾಗಿರುತ್ತದೆ. ಒಂದು ಚಿತ್ರಕ್ಕೆ ಒಂದೇ ಸಾಲು ಬರೆಯಿರಿ. ಚಿತ್ರಗಳ ಪೋಸ್ಟ್‌ನಲ್ಲಿ ಜನ ಅಳತೆ ಹುಡುಕುತ್ತಾರೆ, ಸೇವ್ ಮಾಡಿಟ್ಟುಕೊಳ್ಳುತ್ತಾರೆ. ಹಾಗಾಗಿ ಉಪ್ಪು ಖಾರದ ಲೆಕ್ಕ ಒಂದೇ ಚಿತ್ರದಲ್ಲಿ ಒಟ್ಟಿಗೆ ಇರಲಿ, ಎರಡು ಮೂರಕ್ಕೆ ಹಂಚಬೇಡಿ.

ವಾಟ್ಸಾಪ್‌ಗೆ ವೀಡಿಯೋ ಕಳಿಸಿದ್ರೆ ಯಾರೂ ಚಾನೆಲ್‌ಗೆ ಬರೋದಿಲ್ಲ. ಕಳಿಸ್ಬೇಕೋ ಬೇಡ್ವೋ?

ಪೂರ್ತಿ ವೀಡಿಯೋ ಫೈಲ್ ಕಳಿಸಬೇಡಿ. ಅಳತೆಯನ್ನು ಮೆಸೇಜ್ ಆಗಿ ಬರೆದು, ಕೊನೆಗೆ ಲಿಂಕ್ ಹಾಕಿ. ಬರಹ ಫಾರ್ವರ್ಡ್ ಆದರೂ ಲಿಂಕ್ ಜೊತೆಗೇ ಹೋಗುತ್ತದೆ. ಆರು ತಿಂಗಳಾದ ಮೇಲೆ "ಹಪ್ಪಳ" ಅಂತ ಹುಡುಕಿದರೂ ಸಿಗುತ್ತದೆ. ಅಳತೆಯನ್ನು ಚಿತ್ರದ ಮೇಲೆ ಬರೆದು ಕಳಿಸಿದರೆ ಅದು ಹುಡುಕಲು ಸಿಗುವುದಿಲ್ಲ.

ಜೊತೆಗೆ ಒಂದು ತುಣುಕು ಕಳಿಸುವುದಾದರೆ ಮೂಲೆಯಲ್ಲಿ ಚಾನೆಲ್ ಹೆಸರು ಸಣ್ಣದಾಗಿ ಇರಲಿ. ಫಾರ್ವರ್ಡ್ ಆಗುತ್ತಾ ಹೋದಾಗ ಕೆಳಗೆ ಬರೆದದ್ದು ಬಿಟ್ಟುಹೋಗಬಹುದು, ಚಿತ್ರದೊಳಗಿನ ಹೆಸರು ಬಿಟ್ಟುಹೋಗುವುದಿಲ್ಲ. ಒಣಗಿದ್ದು ತಿಳಿಯುವ ತುಣುಕು ನಮ್ಮಲ್ಲಿ ವಾಟ್ಸಾಪ್‌ನಲ್ಲೇ ಹೆಚ್ಚು ಓಡಾಡಿತು. ಅತ್ತೆ ಮೊದಲ ದಿನದ ಹಪ್ಪಳ ಬಗ್ಗಿಸುತ್ತಾರೆ, ಅದು ಚರ್ಮದ ಹಾಗೆ ಬಾಗುತ್ತದೆ. ಮೂರನೇ ದಿನದ್ದು ಬಗ್ಗಿಸುತ್ತಾರೆ, ಪಟ್ ಅಂತ ಮುರಿಯುತ್ತದೆ. ಆ ಸದ್ದಿಗೆ ಮಾತೇ ಬೇಡ.

## ಸ್ವಲ್ಪ ಆಳದ ಪ್ರಶ್ನೆಗಳು

ಸಂಗೀತ ಹಾಕಿದ್ದಕ್ಕೆ ಒಂದು ಕಡೆ ಸದ್ದು ಹೋಯ್ತು, ಇನ್ನೊಂದು ಕಡೆ ಬ್ಲಾಕ್ ಆಯ್ತು. ಯಾಕೆ?

ಒಂದು ಆಪ್ ಕೊಡುವ ಹಾಡಿನ ಅನುಮತಿ ಆ ಆಪ್‌ಗೆ ಮಾತ್ರ. ರೀಲ್ಸ್‌ನಲ್ಲಿ ಹಾಡು ಸೇರಿಸಿ, ಆ ಫೈಲನ್ನು ಯೂಟ್ಯೂಬ್‌ಗೆ ಒಯ್ದರೆ ಅನುಮತಿ ಜೊತೆಗೆ ಬರುವುದಿಲ್ಲ. ಶಾರ್ಟ್ಸ್‌ನಲ್ಲಂತೂ ಒಂದು ನಿಮಿಷ ಮೀರಿದ ವೀಡಿಯೋ ಮೇಲೆ ಕಾಂಟೆಂಟ್ ಐಡಿ, ಅಂದರೆ ಬೇರೆಯವರ ಹಾಡು ಅಥವಾ ದೃಶ್ಯ ಪತ್ತೆ ಮಾಡುವ ಯೂಟ್ಯೂಬ್ ವ್ಯವಸ್ಥೆಯ ದಾವೆ ಬಿದ್ದರೆ ಅದು ಎಲ್ಲ ಕಡೆ ಬ್ಲಾಕ್ ಆಗುತ್ತದೆ. ಶುದ್ಧ ಪ್ರತಿಯಲ್ಲಿ ಸಂಗೀತ ಇರಬಾರದು ಅಂದದ್ದು ಇದಕ್ಕೂ ಸೇರಿ. ಹಾಡು ಬೇಕಾದರೆ ಆಯಾ ಆಪ್‌ನೊಳಗೇ ಸೇರಿಸಿ. ಅಡುಗೆಗೆ ಒನಕೆಯ ಸದ್ದು, ಎಣ್ಣೆಯ ಸದ್ದು ಸಾಕು ಅಂತ ನನಗನ್ನಿಸುತ್ತದೆ.

ಯಾವ ತುಣುಕು ಓಡತ್ತೆ ಅಂತ ಮೊದಲೇ ಗೊತ್ತಾಗೋ ಹಾಗಿದ್ರೆ?

ಪೂರ್ತಿ ಗೊತ್ತಾಗುವುದಿಲ್ಲ, ಆದರೆ ಸುಳಿವು ಸಿಗುತ್ತದೆ. ನಾನು ಮೊದಲ ವಾರ ಎರಡೇ ತುಣುಕು ಬಿಡುತ್ತೇನೆ, ಮೂರನೆಯದಕ್ಕೆ ಕಾಯುತ್ತೇನೆ. ಅಷ್ಟರಲ್ಲಿ ಉದ್ದದ ವೀಡಿಯೋದ ಗ್ರಾಫ್ ತಯಾರಾಗಿರುತ್ತದೆ. ಯೂಟ್ಯೂಬ್ ಸ್ಟುಡಿಯೋದ ಅಂಕಿಅಂಶದಲ್ಲಿ ಜನ ಎಲ್ಲಿಯವರೆಗೆ ನೋಡಿದರು ಅನ್ನುವ ಗೆರೆ ಇದೆ. ಅದು ಸಾಮಾನ್ಯವಾಗಿ ಇಳಿಯುತ್ತಾ ಹೋಗುತ್ತದೆ. ನಡುವೆ ಎಲ್ಲಾದರೂ ಉಬ್ಬಿದ್ದರೆ ಅಲ್ಲಿ ಜನ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ, ಅಥವಾ ನೇರ ಅಲ್ಲಿಗೇ ಹಾರಿದ್ದಾರೆ.

ಹಪ್ಪಳದ್ದರಲ್ಲಿ ಆ ಉಬ್ಬು 12:40ರ ಹತ್ತಿರ ಇತ್ತು. ನಾನು ಅಂದುಕೊಂಡಿದ್ದು ಕರಿಯುವ ಭಾಗ. ಹೋಗಿ ನೋಡಿದರೆ, ಅತ್ತೆ ಎರಡು ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿ, ನಡುವೆ ಉಂಡೆ ಇಟ್ಟು ಒತ್ತಿ, ಹಾಳೆಯನ್ನು ಹಪ್ಪಳದಿಂದ ಬಿಡಿಸುವ ಜಾಗ. ಅವರು ಹಪ್ಪಳವನ್ನು ಹಾಳೆಯಿಂದ ಎಳೆಯುವುದಿಲ್ಲ. ಹಾಳೆ ಸಮೇತ ಚಾಪೆ ಮೇಲೆ ಕವುಚಿ ಹಾಕಿ, ಹಾಳೆಯನ್ನು ಅಂಚಿನಿಂದ ಮಡಚುತ್ತಾ ಸುಲಿಯುತ್ತಾರೆ. ಹಪ್ಪಳ ಹರಿಯುವುದಿಲ್ಲ. ದಿನಾ ನೋಡುವ ನನಗೆ ಅದು ವಿಶೇಷ ಅನ್ನಿಸಿರಲೇ ಇಲ್ಲ. ಒತ್ತುವ ತುಣುಕಿನ 52 ಸೆಕೆಂಡಿನಲ್ಲಿ 20 ಸೆಕೆಂಡ್ ಅದಕ್ಕೇ ಕೊಟ್ಟೆ.

ತುಣುಕು ಬಿಟ್ಟ ಮೇಲೆ ಶಾರ್ಟ್ಸ್‌ನಲ್ಲಿ ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಮೇಲೆ ತಳ್ಳಿದರು ಅಂತಲೂ ತೋರಿಸುತ್ತದೆ. ತಳ್ಳಿದವರೇ ಹೆಚ್ಚಿದ್ದರೆ ಮೊದಲ ಎರಡು ಸೆಕೆಂಡ್ ಬದಲಿಸಬೇಕು. ನಿಂತವರು ಹೆಚ್ಚಿದ್ದೂ ಕೊನೆಯವರೆಗೆ ನೋಡದಿದ್ದರೆ ನಡುವೆ ಎಲ್ಲೋ ಎಳೆದಿದ್ದೀರಿ.

ಹಳೇ ವೀಡಿಯೋಗಳಿವೆ. ಶುದ್ಧ ಪ್ರತಿ ಇಲ್ಲ, 4ಕೆ ಅಲ್ಲ, ಅಕ್ಷರ ಸಂಗೀತ ಎಲ್ಲಾ ಒಳಗೇ ಇದೆ. ಏನಾದ್ರೂ ಮಾಡಬಹುದಾ?

ನಿಂತ ತುಂಡು ಮಾಡಲು ಹೋಗಬೇಡಿ, ಸುಮ್ನೆ ಕಣ್ಣಿಗೆ ಕೆಟ್ಟದಾಗುತ್ತದೆ. ಅಡ್ಡ ಚಿತ್ರವನ್ನು ಪೂರ್ತಿ ಅಗಲಕ್ಕೆ ಇಟ್ಟು, ಮೇಲೆ ಕೆಳಗೆ ಒಂದೇ ಬಣ್ಣದ ಪಟ್ಟಿ ಬಿಡಿ. ಮೇಲಿನ ಪಟ್ಟಿಯಲ್ಲಿ ಪ್ರಶ್ನೆ ದೊಡ್ಡದಾಗಿ ಬರೆಯಿರಿ. ಚಿತ್ರ ಚಿಕ್ಕದಾಗುತ್ತದೆ ನಿಜ, ಆದರೆ ಏನೂ ಕತ್ತರಿಸಿಹೋಗುವುದಿಲ್ಲ, ಮಸುಕೂ ಆಗುವುದಿಲ್ಲ.

ಸಂಗೀತ ಮಾತಿನ ಜೊತೆ ಬೆರೆತಿದ್ದರೆ ಸದ್ದನ್ನು ಪೂರ್ತಿ ತೆಗೆದು, ಮಾತನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿ. ಮಾವಿನಕಾಯಿ ಉಪ್ಪಿನಕಾಯಿಯ ವೀಡಿಯೋಕ್ಕೆ ಕೊನೆಗೆ ನಾನು ಮಾಡಿದ್ದು ಇದನ್ನೇ. ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಫ್ಯಾನ್ ಆಫ್ ಮಾಡಿ, ಫೋನನ್ನು ಒಂದು ಗೇಣು ದೂರದಲ್ಲಿ ಇಟ್ಟು, "ಉಪ್ಪು ಎಷ್ಟು ಅಂತ ಇನ್ನೊಮ್ಮೆ ಹೇಳಿ ಅತ್ತೆ" ಅಂದೆ. ಹತ್ತು ನಿಮಿಷದಲ್ಲಿ ಮುಗಿಯಿತು. ವೀಡಿಯೋದಲ್ಲಿ ಹೇಳಲು ಮರೆತಿದ್ದ ಒಂದು ವಿಷಯವೂ ಆಗ ಸಿಕ್ಕಿತು: ಉಪ್ಪನ್ನು ಹುರಿದು, ಆರಿಸಿ, ಆಮೇಲೆ ಹಾಕಬೇಕಂತೆ.